ಗಾಜಿನ ಮೇಲಣ ಗೀರು

ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು ಎಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತು. ಗಟ್ಟಿಯಾದುದನ್ನು ಗೆಲ್ಲಬೇಕಾದರೆ ಅಷ್ಟೇ ಗಟ್ಟಿಯಾದುದು ಬೇಕು ಎಂಬ ಲೋಕಾನುಭವ ಈ ಮಾತಿನಲ್ಲಿ ಅಡಗಿದೆ. ಇದನ್ನು ಬಲ್ಲವರಿಗೂ ಒಂದು ಸಂದೇಹ ಬರುವುದುಂಟು. ಮೊಬೈಲ್ ದೂರವಾಣಿಯ ಮುಖದ ಮೇಲಿರುವ ಗಾಜು ಬಲು ಗಟ್ಟಿಯಾದುದೆಂದು ತಯಾರಕರು ಹೇಳುತ್ತಾರೆ. ಅದರ ಮೇಲೆ ಬೀಗದ ಕೈಯನ್ನು ಎಳೆದರೂ ಗೀರು ಬೀಳುವುದಿಲ್ಲ. ನಾಣ್ಯದಿಂದ ಉಜ್ಜಿದರೂ ಬೀಳುವುದಿಲ್ಲ. ಆದರೂ ಆರು ತಿಂಗಳು ಬಳಸಿದ ಮೇಲೆ ಅದನ್ನು ದೀಪದ ಎದುರಿಗೆ ಓರೆಯಾಗಿ ಹಿಡಿದರೆ, ಕೂದಲಿಗಿಂತ ಸಣ್ಣನೆಯ ಹತ್ತಾರು ಗೆರೆಗಳು ಹೊಳೆದು ಕಾಣುತ್ತವೆ. ಕಬ್ಬಿಣಕ್ಕೆ ಬಗ್ಗದ ಗಾಜನ್ನು ಗೀರಿದುದು ಯಾವುದು? ಗಾಜು ಅಷ್ಟು ಗಟ್ಟಿಯಾಗಿದ್ದರೆ ಅದರ ಮೇಲೆ ಮತ್ತೊಂದು ಗಾಜಿನ ಹೊದಿಕೆಯನ್ನು ಅಂಟಿಸುವ ಅಗತ್ಯವೇನು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಈ ಪಾಠದ ಉದ್ದೇಶ.

ಮೊದಲು ‘ಗಟ್ಟಿ’ ಎಂಬ ಪದವನ್ನೇ ಪರಿಶೀಲಿಸೋಣ. ದಿನದ ಬಳಕೆಯಲ್ಲಿ ನಾವು ಈ ಒಂದು ಪದವನ್ನು ಬೇರೆ ಬೇರೆ ಗುಣಗಳಿಗೆ ಸಲ್ಲಿಸುತ್ತೇವೆ. ತೆಂಗಿನ ಕರಟವೂ ಗಟ್ಟಿ, ಸೆಣಬಿನ ಹಗ್ಗವೂ ಗಟ್ಟಿ, ಬೆಣಚುಕಲ್ಲೂ ಗಟ್ಟಿ. ಆದರೆ ಹಗ್ಗದ ಗಟ್ಟಿತನವೆಂದರೆ ಎಳೆದಾಗ ಹರಿಯದಿರುವುದು. ಕರಟದ ಗಟ್ಟಿತನವೆಂದರೆ ಬಡಿದಾಗ ಸುಲಭವಾಗಿ ಒಡೆಯದಿರುವುದು. ಬೆಣಚುಕಲ್ಲಿನ ಗಟ್ಟಿತನವೆಂದರೆ ಮೇಲೆ ಗೀರಿದಾಗ ಗೀರು ಬೀಳದಿರುವುದು. ಈ ಮೂರನೆಯ ಗುಣವನ್ನು ವಿಜ್ಞಾನಿಗಳು ಕಾಠಿಣ್ಯವೆಂದು ಕರೆಯುತ್ತಾರೆ. ಒಂದು ವಸ್ತು ಕಠಿಣವಾಗಿದ್ದ ಮಾತ್ರಕ್ಕೆ ಅದು ಒಡೆಯದು ಎಂದಲ್ಲ. ವಜ್ರವನ್ನು ಗೀರುವುದು ಕಷ್ಟ. ಆದರೆ ಸರಿಯಾದ ಜಾಗಕ್ಕೆ ಸುತ್ತಿಗೆಯ ಪೆಟ್ಟು ಬಿದ್ದರೆ ಅದು ಸೀಳಿಹೋಗುತ್ತದೆ. ಗಾಜಿನ ವಿಷಯದಲ್ಲಿ ಈ ಭೇದವನ್ನು ನೆನಪಿನಲ್ಲಿಡದಿದ್ದರೆ ಎಲ್ಲವೂ ಗೊಂದಲವಾಗುತ್ತದೆ.

ಕಾಠಿಣ್ಯವನ್ನು ಹೋಲಿಸಿ ನೋಡಲು ಸುಲಭವಾದ ಒಂದು ಉಪಾಯವನ್ನು 1812ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞನಾದ ಫ್ರೀಡ್ರಿಶ್ ಮೋಸ್ ಎಂಬಾತನು ರೂಪಿಸಿದನು. ಎರಡು ಖನಿಜಗಳನ್ನು ಒಂದರ ಮೇಲೊಂದು ಉಜ್ಜಿದಾಗ ಯಾವುದು ಇನ್ನೊಂದನ್ನು ಗೀರುವುದೋ ಅದೇ ಹೆಚ್ಚು ಕಠಿಣ. ಈ ನಿಯಮದಂತೆ ಅವನು ಹತ್ತು ಖನಿಜಗಳನ್ನು ಆರಿಸಿ ಸಾಲಾಗಿ ನಿಲ್ಲಿಸಿದನು. ಉಗುರಿನಿಂದಲೇ ಗೀರಬಹುದಾದ ಬಳಪದ ಕಲ್ಲಿಗೆ 1ನೆಯ ಸ್ಥಾನ. 3ನೆಯದು ಕ್ಯಾಲ್ಸೈಟ್, 6ನೆಯದು ಫೆಲ್ಡ್‌ಸ್ಪಾರ್, 7ನೆಯದು ಬೆಣಚುಕಲ್ಲು, 8ನೆಯದು ಪುಷ್ಯರಾಗ, 9ನೆಯದು ಕುರುಂದ. ಮಾಣಿಕ್ಯವೂ ನೀಲಮಣಿಯೂ ಕುರುಂದದ ಜಾತಿಗೆ ಸೇರಿದವು. ಕೊನೆಯ 10ನೆಯ ಸ್ಥಾನ ವಜ್ರಕ್ಕೆ. ಈ ಸಾಲಿನಲ್ಲಿ ನಮ್ಮ ಉಗುರು 2 ಮತ್ತು 3ರ ನಡುವೆ ಬರುತ್ತದೆ. ತಾಮ್ರ, ಹಿತ್ತಾಳೆಗಳು 3ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಸಾಮಾನ್ಯ ಚಾಕುವಿನ ಅಲಗೂ ಕಿಟಕಿಯ ಗಾಜೂ ಐದೂವರೆಯ ಹತ್ತಿರ ನಿಲ್ಲುತ್ತವೆ. ಈ ಅಂಕಿಗಳು ಸ್ಥಾನವನ್ನು ಸೂಚಿಸುತ್ತವೆಯೇ ಹೊರತು ಅಳತೆಯನ್ನಲ್ಲ. ತರಗತಿಯಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಎಷ್ಟು ಅಂಕಗಳ ಅಂತರವೆಂಬುದನ್ನು ಸ್ಥಾನದಿಂದ ಹೇಳಲಾಗದಷ್ಟೆ? ಹಾಗೆಯೇ ಕುರುಂದಕ್ಕೂ ವಜ್ರಕ್ಕೂ ನಡುವೆ ಒಂದೇ ಅಂಕಿಯ ವ್ಯತ್ಯಾಸವಿದ್ದರೂ, ನಿಜವಾಗಿ ವಜ್ರವು ಕುರುಂದಕ್ಕಿಂತ ಹಲವು ಪಟ್ಟು ಕಠಿಣವಾದುದು.

ಹೆಚ್ಚು ಮೃದುವಾದ ವಸ್ತು ಹೆಚ್ಚು ಕಠಿಣವಾದುದನ್ನು ಏಕೆ ಗೀರಲಾರದು? ಬಲವಾಗಿ ಒತ್ತಿದರೆ ಗೀರಬಹುದಲ್ಲವೆ? ಒಂದು ಸಣ್ಣ ಲೆಕ್ಕದಿಂದ ಇದನ್ನು ತಿಳಿಯೋಣ. ಹಿತ್ತಾಳೆಯ ಬೀಗದ ಕೈಯ ಚೂಪಾದ ಒಂದು ಮೂಲೆ ಗಾಜಿನ ಮೇಲೆ ಕುಳಿತಿದೆ ಎಂದುಕೊಳ್ಳಿ. ಆ ಮೂಲೆ ಗಾಜನ್ನು ಮುಟ್ಟುವ ಜಾಗದ ಉದ್ದವೂ ಅಗಲವೂ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟಿರಲಿ. ಆಗ ಆ ಜಾಗದ ವಿಸ್ತಾರ ಒಂದು ಚದರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದರ ಮೇಲೆ ಬೆರಳಿನಿಂದ 100 ಗ್ರಾಂ ತೂಕದಷ್ಟು ಮಾತ್ರ ಒತ್ತಿದರೂ, ಒತ್ತಡವು ಚದರ ಮಿಲಿಮೀಟರಿಗೆ 1000 ಕಿಲೋಗ್ರಾಂ ತೂಕದ ಲೆಕ್ಕಕ್ಕೆ ಏರುತ್ತದೆ. ಗಾಜಿನ ಮೈ ಕುಗ್ಗಿ ಗುಳಿ ಬೀಳಬೇಕಾದರೆ ಬೇಕಾಗುವ ಒತ್ತಡ ಸುಮಾರು 600 ಕಿಲೋಗ್ರಾಂ. ಈ ಲೆಕ್ಕದಂತೆ ಗಾಜಿಗೆ ಗೀರು ಬೀಳಲೇಬೇಕು. ಆದರೆ ಬೀಳುವುದಿಲ್ಲ. ಏಕೆಂದರೆ ಒತ್ತಡವು ಆ ಮಟ್ಟಕ್ಕೆ ಏರುವ ಮೊದಲೇ, ಸುಮಾರು 150 ಕಿಲೋಗ್ರಾಮಿಗೆ, ಹಿತ್ತಾಳೆಯ ಮೂಲೆಯೇ ಚಪ್ಪಟೆಯಾಗಿಬಿಡುತ್ತದೆ. ಚಪ್ಪಟೆಯಾದಂತೆ ಮುಟ್ಟುವ ಜಾಗ ಅಗಲವಾಗುತ್ತದೆ. ಜಾಗ ಅಗಲವಾದಂತೆ ಒತ್ತಡ ಹಂಚಿಹೋಗುತ್ತದೆ. ನೀವು ಇಮ್ಮಡಿ ಬಲದಿಂದ ಒತ್ತಿದರೆ ಹಿತ್ತಾಳೆ ಇಮ್ಮಡಿ ವಿಸ್ತಾರಕ್ಕೆ ಹರಡುವುದೇ ಹೊರತು ಗಾಜು ಜಗ್ಗುವುದಿಲ್ಲ.

ಈ ಸಂಗತಿಯನ್ನು ನಮ್ಮ ಅಕ್ಕಸಾಲಿಗಳು ತಲತಲಾಂತರದಿಂದ ಬಳಸಿಕೊಂಡು ಬಂದಿದ್ದಾರೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿದಾಗ ಕಲ್ಲಿಗೆ ಗೀರು ಬೀಳುವುದಿಲ್ಲ. ಚಿನ್ನವೇ ಸವೆದು ಕಲ್ಲಿನ ಮೇಲೆ ಹಳದಿಯ ಗೆರೆಯಾಗಿ ಅಂಟಿಕೊಳ್ಳುತ್ತದೆ. ಬೀಗದ ಕೈಯಿಂದ ಗಾಜನ್ನು ಉಜ್ಜಿದಾಗ ಕಾಣುವ ಗೆರೆಯೂ ಬಹುಪಾಲು ಇಂಥದೇ. ಅದು ಗಾಜಿಗಾದ ಗಾಯವಲ್ಲ, ಲೋಹ ಬಿಟ್ಟುಹೋದ ಒರೆ. ಒದ್ದೆ ಬಟ್ಟೆಯಿಂದ ಒರಸಿದರೆ ಅದು ಹೋಗುತ್ತದೆ. ಒರಸಿದ ಮೇಲೂ ಉಳಿದು, ಉಗುರಿನ ತುದಿಯನ್ನು ಅಡ್ಡಲಾಗಿ ಎಳೆದಾಗ ತಡೆಯುವ ಗೆರೆ ಮಾತ್ರ ನಿಜವಾದ ಗೀರು. ಬಹಳ ನವಿರಾದ ಗೀರಾದರೆ ಉಗುರಿಗೂ ಸಿಕ್ಕದು. ಪರದೆಯ ಬೆಳಕನ್ನು ಆರಿಸಿ, ಮೇಲಿನಿಂದ ಬೀಳುವ ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕಾಗುತ್ತದೆ.

ಈಗ ಅದೇ 100 ಗ್ರಾಂ ಒತ್ತಡವನ್ನು ಹಿತ್ತಾಳೆಯ ಬದಲು ಒಂದು ಮರಳಿನ ಕಣದ ಮೇಲೆ ಹೇರಿ ನೋಡಿ. ಮರಳು ಬಹುಮಟ್ಟಿಗೆ ಬೆಣಚುಕಲ್ಲಿನ ಚೂರು. ಮೋಸನ ಸಾಲಿನಲ್ಲಿ ಅದು 7ನೆಯದು. ಅಂದರೆ ಗಾಜಿಗಿಂತ ಮೇಲಿನ ಸ್ಥಾನದಲ್ಲಿದೆ. ಅದರ ಮೊನೆ ಜಗ್ಗಬೇಕಾದರೆ ಚದರ ಮಿಲಿಮೀಟರಿಗೆ 1000 ಕಿಲೋಗ್ರಾಮಿಗೂ ಮೀರಿದ ಒತ್ತಡ ಬೇಕು. ಆದುದರಿಂದ ಇಲ್ಲಿ ಮೊದಲು ಸೋಲುವುದು ಗಾಜು. ಕಣದ ಮೊನೆ ಗಾಜಿನೊಳಕ್ಕೆ ಇಳಿಯುತ್ತದೆ. ಬಟ್ಟೆಯೋ ಬೆರಳೋ ಅದನ್ನು ಎಳೆದ ದಿಕ್ಕಿಗೆ ಗೀರು ಮೂಡುತ್ತದೆ. ಇದಕ್ಕೆ ದೊಡ್ಡ ಬಲವೇನೂ ಬೇಕಿಲ್ಲ. ಬಿಗಿಯಾದ ಜೇಬಿನಲ್ಲಿ ದೂರವಾಣಿಯನ್ನಿಟ್ಟುಕೊಂಡು ಕುಳಿತೇಳುವಾಗಲೇ ಅಷ್ಟು ಬಲ ಒದಗುತ್ತದೆ.

ಮರಳು ನಮ್ಮ ಜೇಬಿಗೆ ಎಲ್ಲಿಂದ ಬಂದೀತು ಎಂದು ನೀವು ಕೇಳಬಹುದು. ನಮ್ಮ ನಾಡಿನ ದಕ್ಷಿಣ ಭಾಗದ ಬಂಡೆಗಳು ಹೆಚ್ಚಾಗಿ ಗ್ರಾನೈಟ್ ಮತ್ತು ಅದಕ್ಕೆ ಹತ್ತಿರವಾದ ಜಾತಿಯವು. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್, ಬೆಣಚು ಮತ್ತು ಕಾಗೆಬಂಗಾರ ಮುಖ್ಯವಾಗಿ ಬೆರೆತಿರುತ್ತವೆ. ಬಿಸಿಲು ಮಳೆಗಳಿಗೆ ಸಿಕ್ಕಿ ಬಂಡೆ ಸವೆದಾಗ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಮಣ್ಣಾಗುತ್ತದೆ. ಬೆಣಚು ಮಾತ್ರ ಕರಗದೆ, ಕೊಳೆಯದೆ ಚೂರುಗಳಾಗಿ ಉಳಿಯುತ್ತದೆ. ಬಯಲುಸೀಮೆಯ ಕೆಮ್ಮಣ್ಣಿನಲ್ಲಿ, ಹೊಳೆಯ ದಂಡೆಯಲ್ಲಿ, ಕಡಲ ತೀರದಲ್ಲಿ, ಕಟ್ಟಡ ಕಟ್ಟುವ ಜಾಗದಲ್ಲಿ ಕಾಲಿಗೆ ಸಿಗುವುದು ಅದೇ. ಗಾಳಿಗೆ ಏಳುವ ರಸ್ತೆಯ ಧೂಳಿನಲ್ಲಿಯೂ ಅದರ ಕಣಗಳಿವೆ. ಅವು ಅಂಗಿಯ ಜೇಬಿನ ಮೂಲೆಯಲ್ಲಿ, ಚೀಲದ ತಳದಲ್ಲಿ, ಪಂಚೆಯ ಸೆರಗಿನಲ್ಲಿ ಸೇರಿಕೊಳ್ಳುತ್ತವೆ. ಪರದೆ ಮಸುಕಾಯಿತೆಂದು ಅಂಗಿಯ ಚುಂಗಿನಿಂದ ತಿಕ್ಕಿ ಒರಸುವವನು ತಿಳಿಯದೆಯೇ ಅದರ ಮೇಲೆ ಮರಳುಕಾಗದವನ್ನು ಎಳೆಯುತ್ತಿರುತ್ತಾನೆ. ಒರಸುವ ಮೊದಲು ಧೂಳನ್ನು ಊದಿ ಹಾರಿಸಿ, ಬಳಿಕ ತುಸು ಒದ್ದೆಯಾದ ಮೃದು ಬಟ್ಟೆಯಿಂದ ಒತ್ತದೆ ಒರಸುವುದು ಸರಿಯಾದ ಕ್ರಮ.

ಹಾಗಾದರೆ ತಯಾರಕರು ಹೇಳುವ ಗಟ್ಟಿ ಗಾಜು ಸುಳ್ಳೆ? ಸುಳ್ಳಲ್ಲ. ಆದರೆ ಅವರು ಹೇಳುವ ಗಟ್ಟಿತನ ಬಹುಪಾಲು ಬೇರೆಯದು. ಅದರ ಕಥೆ ಸ್ವಾರಸ್ಯಕರವಾಗಿದೆ. 2007ರ ಜನವರಿಯಲ್ಲಿ ಅಮೆರಿಕದ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತಮ್ಮ ಹೊಸ ದೂರವಾಣಿಯಾದ ಐಫೋನನ್ನು ಜನರ ಮುಂದೆ ತೋರಿಸಿದರು. ಆಗ ಅದರ ಮುಖದ ಮೇಲಿದ್ದುದು ಪ್ಲಾಸ್ಟಿಕ್ ಹೊದಿಕೆ. ಪ್ಲಾಸ್ಟಿಕ್ ಬಿದ್ದರೆ ಒಡೆಯದು. ಆದರೆ ಜೇಬಿನಲ್ಲಿರುವ ಬೀಗದ ಕೈ ಅದನ್ನು ಸುಲಭವಾಗಿ ಗೀರಿಬಿಡುತ್ತದೆ. ಈ ದೋಷವನ್ನು ಕಂಡು, ಗಾಜನ್ನೇ ಹಾಕಬೇಕೆಂದು ತೀರ್ಮಾನವಾಯಿತು. ಜೂನ್ 29ರಂದು ಆ ದೂರವಾಣಿ ಅಂಗಡಿಗೆ ಬಂದಾಗ ಅದರ ಮೇಲೆ ಗಾಜು ಇತ್ತು. ಅದನ್ನು ಒದಗಿಸಿದುದು ಕಾರ್ನಿಂಗ್ ಎಂಬ ಹಳೆಯ ಗಾಜಿನ ಕಾರ್ಖಾನೆ. ಆ ಕಾರ್ಖಾನೆಯವರು 1960ರ ದಶಕದಲ್ಲಿಯೇ ಬಲವರ್ಧಿತ ಗಾಜೊಂದನ್ನು ಸಿದ್ಧಪಡಿಸಿದ್ದರು. ಆಗ ಅದಕ್ಕೆ ಸಾಕಷ್ಟು ಗಿರಾಕಿಗಳು ದೊರೆಯದೆ ಆ ಕೆಲಸವನ್ನು ಕೈಬಿಟ್ಟಿದ್ದರು. ಮೂಲೆಗೆ ಸೇರಿದ್ದ ಆ ಹಳೆಯ ವಿದ್ಯೆಯೇ ನಲವತ್ತು ವರ್ಷಗಳ ಮೇಲೆ ಹೊಸ ರೂಪದಲ್ಲಿ ಕೋಟ್ಯಂತರ ಜನರ ಕೈಸೇರಿತು. ಇದಕ್ಕೆ ಗೊರಿಲ್ಲಾ ಗ್ಲಾಸ್ ಎಂದು ಹೆಸರಾಯಿತು.

ಈ ಗಾಜನ್ನು ಬಲಪಡಿಸುವ ರೀತಿ ಹೀಗಿದೆ. ಗಾಜಿನ ರಚನೆಯಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಈ ಬಲೆಯ ಕಣ್ಣುಗಳಲ್ಲಿ ಸೋಡಿಯಂ ಅಯಾನುಗಳು ಕುಳಿತಿರುತ್ತವೆ. ತೆಳುವಾದ ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ, ಎಂದರೆ ಪೆಟ್ಲುಪ್ಪಿನ ದ್ರವದಲ್ಲಿ, ಕೆಲವು ಗಂಟೆಗಳ ಕಾಲ ಮುಳುಗಿಸಿಡುತ್ತಾರೆ. ಆಗ ಗಾಜಿನ ಮೇಲ್ಮೈಯಲ್ಲಿರುವ ಸೋಡಿಯಂ ಅಯಾನುಗಳು ಹೊರಕ್ಕೆ ಹೋಗುತ್ತವೆ. ಅವುಗಳ ಜಾಗಕ್ಕೆ ಪೊಟ್ಯಾಸಿಯಂ ಅಯಾನುಗಳು ಬರುತ್ತವೆ. ಪೊಟ್ಯಾಸಿಯಂ ಅಯಾನು ಸೋಡಿಯಂ ಅಯಾನಿಗಿಂತ ಸುಮಾರು ಮೂರನೆಯ ಒಂದು ಪಾಲು ದೊಡ್ಡದು. ಮೂವರು ಕೂರುವ ಬೆಂಚಿನಲ್ಲಿ ನಾಲ್ವರು ಕುಳಿತರೆ ಒಬ್ಬರನ್ನೊಬ್ಬರು ಒತ್ತುವಂತೆ, ಗಾಜು ತಣ್ಣಗಾದ ಮೇಲೆ ಅದರ ಹೊರಪದರವು ತನ್ನೊಳಗೆ ತಾನೇ ಅಡಕವಾಗಿ ಒತ್ತಿಕೊಂಡಿರುತ್ತದೆ. ಇದನ್ನು ಸಂಪೀಡನವೆಂದು ಕರೆಯುತ್ತಾರೆ. ಆ ಪದರದ ದಪ್ಪ ಸಾಮಾನ್ಯವಾಗಿ ತಲೆಗೂದಲಿನ ದಪ್ಪಕ್ಕೆ ಹೋಲಿಸಬಹುದಾದಷ್ಟು.

ಇದರಿಂದಾಗುವ ಪ್ರಯೋಜನವನ್ನು ತಿಳಿಯಲು ಗಾಜು ಹೇಗೆ ಒಡೆಯುತ್ತದೆಂಬುದನ್ನು ಗಮನಿಸಬೇಕು. ಕಿಟಕಿಗೆ ಗಾಜು ಹಾಕುವವನು ಗಾಜನ್ನು ಕತ್ತರಿಸುವಾಗ ಅದನ್ನು ಪೂರ್ತಿ ಕೊಯ್ಯುವುದಿಲ್ಲ. ವಜ್ರದ ಮೊನೆಯಿರುವ ಉಪಕರಣದಿಂದ ಮೇಲೊಂದು ನವಿರಾದ ಗೆರೆ ಎಳೆದು, ಎರಡು ಕಡೆ ಹಿಡಿದು ಮೆಲ್ಲಗೆ ಬಾಗಿಸುತ್ತಾನೆ. ಗಾಜು ಗೆರೆಯ ಗುಂಟ ಟಪ್ಪೆಂದು ಮುರಿಯುತ್ತದೆ. ಬಾಗಿಸಿದಾಗ ಉಂಟಾಗುವ ಎಳೆತವೆಲ್ಲ ಆ ಗೀರಿನ ತುದಿಯಲ್ಲಿ ಒಟ್ಟುಗೂಡಿ, ಬಿರುಕು ಒಳಕ್ಕೆ ಓಡುವುದೇ ಇದಕ್ಕೆ ಕಾರಣ. ಗಾಜಿನ ದೌರ್ಬಲ್ಯವಿರುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಲ್ಲಿ ಎಂಬುದನ್ನು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1920ರಲ್ಲಿ ತಮ್ಮ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅವರು ಗಾಜಿನಿಂದ ನವಿರಾದ ಎಳೆಗಳನ್ನು ತೆಗೆದು ಎಳೆದು ನೋಡಿದಾಗ, ಹೊಸದಾಗಿ ತೆಗೆದ ಸಣ್ಣ ಎಳೆಗಳು ದಪ್ಪ ಗಾಜಿಗಿಂತ ಎಷ್ಟೋ ಹೆಚ್ಚು ಬಲವನ್ನು ತಾಳಿದವು. ಗಾಜು ಸ್ವಭಾವತಃ ದುರ್ಬಲವಲ್ಲ. ಗೀರುಗಳು ಅದನ್ನು ದುರ್ಬಲಗೊಳಿಸುತ್ತವೆ.

ಸಂಪೀಡನಗೊಂಡ ಪದರದ ಕೆಲಸ ಈಗ ಸ್ಪಷ್ಟವಾಗುತ್ತದೆ. ಗಾಜು ಬಾಗಿದಾಗ ಗೀರಿನ ಬಾಯಿ ತೆರೆಯಬೇಕಾದರೆ, ಮೊದಲು ಆ ಪದರದ ಒತ್ತುವಿಕೆಯನ್ನು ಸೋಲಿಸಬೇಕು. ಅಲ್ಲಿಯವರೆಗೂ ಬಿರುಕು ಬಾಯಿ ಮುಚ್ಚಿಕೊಂಡೇ ಇರುತ್ತದೆ. ಆದುದರಿಂದ ಸಾಮಾನ್ಯ ಗಾಜು ಚೂರುಚೂರಾಗುವಂಥ ಪೆಟ್ಟನ್ನೂ ಬಾಗನ್ನೂ ಈ ಗಾಜು ತಾಳಿಕೊಳ್ಳುತ್ತದೆ. ಆದರೆ ಕಾಠಿಣ್ಯದ ವಿಷಯದಲ್ಲಿ ಇದರಿಂದ ಆಗುವ ಲಾಭ ಅಲ್ಪ. ಹೆಣಿಗೆಯ ಬಲೆ ಅದೇ, ಅದರ ಮೂಲದ್ರವ್ಯವೂ ಬಹುಪಾಲು ಅದೇ. ಮೋಸನ ಸಾಲಿನಲ್ಲಿ ಅದು ಬೆಣಚುಕಲ್ಲನ್ನು ದಾಟಿ ಮೇಲೇರುವುದಿಲ್ಲ. ಪ್ಲಾಸ್ಟಿಕ್ಕನ್ನು ಬಿಟ್ಟು ಗಾಜಿಗೆ ಬಂದುದರಿಂದ ಬೀಗದ ಕೈಯ ಭಯ ತೊಲಗಿತು. ಮರಳಿನ ಭಯ ಉಳಿದೇ ಇದೆ.

ಬೆಣಚಿಗಿಂತ ಕಠಿಣವಾದುದನ್ನೇ ಪರದೆಯ ಮೇಲೆ ಹಾಕಬಾರದೆ? ಹಾಕಬಹುದು. ಕೃತಕವಾಗಿ ಬೆಳೆಸಿದ ನೀಲಮಣಿಯ ಹಲ್ಲೆಗಳನ್ನು ಬೆಲೆಬಾಳುವ ಕೈಗಡಿಯಾರಗಳ ಮುಖಕ್ಕೂ ಕೆಲವು ದೂರವಾಣಿಗಳ ಕ್ಯಾಮೆರಾದ ಮುಚ್ಚಳಕ್ಕೂ ಬಳಸುತ್ತಾರೆ. ಮೋಸನ ಸಾಲಿನಲ್ಲಿ ಅದು 9ನೆಯದಾದುದರಿಂದ ಮರಳು ಅದನ್ನು ಗೀರಲಾರದು. ಆದರೆ ಅಂಗೈಯಗಲದ ನೀಲಮಣಿ ಹಲ್ಲೆಯನ್ನು ಬೆಳೆಸಿ, ಕೊಯ್ದು, ನಯಗೊಳಿಸುವ ವೆಚ್ಚ ಬಹಳ. ಅದು ಬೆಳಕನ್ನು ಗಾಜಿಗಿಂತ ಹೆಚ್ಚಾಗಿ ಪ್ರತಿಫಲಿಸುತ್ತದೆ, ಗಾಜಿಗಿಂತ ಭಾರವಾದುದು, ತೆಳುವಾದ ದೊಡ್ಡ ಹಲ್ಲೆಯಾದಾಗ ಪೆಡಸಾಗಿ, ಬಾಗಿಸಿದರೆ ಮುರಿಯುವ ಭಯವೂ ಇದೆ. ಗೀರನ್ನು ತಡೆಯುವ ಗುಣವನ್ನು ಹೆಚ್ಚಿಸಿದರೆ ಪೆಟ್ಟನ್ನು ತಾಳುವ ಗುಣಕ್ಕೆ ಕುಂದು; ಪೆಟ್ಟು ತಾಳುವಂತೆ ಮಾಡಿದರೆ ಗೀರಿಗೆ ಎಡೆ. ಈ ಎರಡನ್ನೂ ಸರಿತೂಗಿಸುವುದೇ ಗಾಜಿನ ತಜ್ಞರ ಮುಂದಿರುವ ಕಠಿಣ ಸಮಸ್ಯೆ. 2020ರಲ್ಲಿ ಬಂದ ಕೆಲವು ಪರದೆಗಳಲ್ಲಿ ಗಾಜಿನೊಳಗೆ ಅತಿಸೂಕ್ಷ್ಮವಾದ ಹರಳುಗಳನ್ನು ಬೆಳೆಸಿ, ಬಿರುಕು ಓಡದಂತೆ ತಡೆಯುವ ಉಪಾಯವನ್ನು ಮಾಡಿದರು. ಅವು ಬಿದ್ದಾಗ ಒಡೆಯುವುದು ಕಡಿಮೆಯಾಯಿತು. ಮರಳಿನ ಗೀರು ಮಾತ್ರ ತಪ್ಪಲಿಲ್ಲ.

ನವಿರಾದ ಒಂದೆರಡು ಗೀರು ಬಿದ್ದರೆ ಆಗುವ ನಷ್ಟವೇನು? ಅಂದಗೆಡುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಆದರೆ ಗ್ರಿಫಿತ್ತರು ಹೇಳಿದುದನ್ನು ನೆನೆಯಿರಿ. ಸಂಪೀಡನದ ಪದರದೊಳಗೇ ನಿಂತ ಗೀರು ಅಷ್ಟೇನೂ ಅಪಾಯಕಾರಿಯಲ್ಲ. ಆದರೆ ಅದು ಆಳವಾದಂತೆಲ್ಲ ಕಾಪಿಟ್ಟ ಪದರ ತೆಳುವಾಗುತ್ತ ಹೋಗುತ್ತದೆ. ಹೊರಪದರ ಒತ್ತಿಕೊಂಡಿರುವುದಕ್ಕೆ ಪ್ರತಿಯಾಗಿ ಗಾಜಿನ ಒಳಭಾಗ ಸದಾ ಎಳೆತಕ್ಕೆ ಸಿಕ್ಕಿರುತ್ತದೆ. ಗೀರಿನ ಮೊನೆ ಆ ಎಳೆತದ ಭಾಗವನ್ನು ಮುಟ್ಟಿತೆಂದರೆ ಬಿರುಕು ತಾನಾಗಿಯೇ ಓಡಬಲ್ಲದು. ಹತ್ತು ಸಲ ಬಿದ್ದರೂ ಒಡೆಯದ ದೂರವಾಣಿಯೊಂದು ಹನ್ನೊಂದನೆಯ ಸಲ ಮೇಜಿನಿಂದ ಜಾರಿದಾಗಲೇ ಒಡೆಯುವುದನ್ನು ನೀವು ನೋಡಿರಬಹುದು. ಆ ಪೆಟ್ಟು ಸಣ್ಣದಾಗಿರಬಹುದು. ಆದರೆ ಅದಕ್ಕೆ ದಾರಿಯನ್ನು ಹಿಂದಿನ ಗೀರುಗಳು ಸಿದ್ಧಪಡಿಸಿರುತ್ತವೆ. ಈಗಿನ ದೂರವಾಣಿಗಳಲ್ಲಿ ಮೇಲಣ ಗಾಜನ್ನು ಅದರ ಕೆಳಗಿನ ಚಿತ್ರಫಲಕಕ್ಕೆ ಪಾರದರ್ಶಕ ಅಂಟಿನಿಂದ ಬಿಗಿದಿರುತ್ತಾರೆ. ಗಾಜು ಒಡೆದರೆ ಬಹುಮಟ್ಟಿಗೆ ಇಡೀ ಫಲಕವನ್ನೇ ಬದಲಿಸಬೇಕಾಗುತ್ತದೆ. ಅದರ ವೆಚ್ಚ ಸಾವಿರಾರು ರೂಪಾಯಿ. ಒಂದೇ ದೂರವಾಣಿಯಿಂದ ತಂದೆಯ ಕೂಲಿಯ ಕರೆ, ತಾಯಿಯ ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ನಡೆಯುವ ಮನೆಯಲ್ಲಿ ಇದು ಸಣ್ಣ ಹೊರೆಯಲ್ಲ.

ರಕ್ಷಕ ಹೊದಿಕೆಯ ಪ್ರಯೋಜನ ಇಲ್ಲಿಯೇ ಇದೆ. ಅಂಗಡಿಯವರು ಇದನ್ನು ‘ಸ್ಕ್ರೀನ್ ಗಾರ್ಡ್’ ಎಂದೂ, ಗಾಜಿನದಾದರೆ ‘ಟೆಂಪರ್ಡ್ ಗ್ಲಾಸ್’ ಎಂದೂ ಕರೆಯುತ್ತಾರೆ. ಇದು ಸುಮಾರು 0.3 ಮಿಲಿಮೀಟರ್ ದಪ್ಪದ ಬಲಪಡಿಸಿದ ಗಾಜು. ಕೆಳಗಡೆ ತೆಳುವಾದ ಅಂಟಿನ ಲೇಪವಿರುತ್ತದೆ. ಇದು ಪರದೆಯ ಗಾಜಿಗಿಂತ ಕಠಿಣವೆಂದು ತಿಳಿಯಬಾರದು. ಮರಳು ಇದನ್ನೂ ಗೀರುತ್ತದೆ. ಎತ್ತಿನ ಕಾಲಿಗೆ ಹೊಡೆಯುವ ಲಾಳವನ್ನು ನೋಡಿ. ಲಾಳ ಸವೆಯುವುದಿಲ್ಲವೆಂದು ಯಾರೂ ಅದನ್ನು ಹೊಡೆಸುವುದಿಲ್ಲ. ಗೊರಸಿನ ಬದಲು ಅದು ಸವೆಯಲಿ ಎಂದು ಹೊಡೆಸುತ್ತಾರೆ. ಸವೆದ ಲಾಳವನ್ನು ಕಿತ್ತು ಹೊಸದನ್ನು ಹಾಕಬಹುದು, ಗೊರಸನ್ನು ಹಾಗೆ ಬದಲಿಸಲಾಗದು. ಗಾಜಿನ ಹೊದಿಕೆಯ ಧರ್ಮವೂ ಇದೇ. ಗೀರು ಹೊದಿಕೆಯ ಮೇಲೆ ನಿಲ್ಲುತ್ತದೆ. ನಡುವೆ ಅಂಟಿನ ಮೆದು ಪದರವಿರುವುದರಿಂದ ಹೊದಿಕೆಗೆ ಬಿದ್ದ ಬಿರುಕು ಕೆಳಗಿನ ಗಾಜಿಗೆ ದಾಟುವುದಿಲ್ಲ.

ಇಂಥ ಹೊದಿಕೆಯ ಪೊಟ್ಟಣದ ಮೇಲೆ 9H ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದನ್ನು ಕಂಡವರು, ಇದು ಮೋಸನ ಸಾಲಿನ 9ನೆಯ ಸ್ಥಾನ, ಎಂದರೆ ಕುರುಂದದಷ್ಟು ಕಠಿಣ ಎಂದು ನಂಬುತ್ತಾರೆ. ಅದು ತಪ್ಪು ತಿಳಿವಳಿಕೆ. ಈ H ಎಂಬುದು ನಿಮ್ಮ ಚಿತ್ರಕಲೆಯ ಪೆನ್ಸಿಲಿನ ಮೇಲೆ ಇರುವ H. ಪೆನ್ಸಿಲಿನ ಕಡ್ಡಿಯನ್ನು ಗ್ರಾಫೈಟ್ ಮತ್ತು ಜೇಡಿಮಣ್ಣು ಬೆರೆಸಿ ಮಾಡುತ್ತಾರೆ. ಜೇಡಿ ಹೆಚ್ಚಾದಷ್ಟೂ ಕಡ್ಡಿ ಗಡಸಾಗುತ್ತದೆ. ಬಣ್ಣದ ಲೇಪಗಳನ್ನು ಪರೀಕ್ಷಿಸಲು, 750 ಗ್ರಾಂ ತೂಕದ ಭಾರ ಹೇರಿದ ಪೆನ್ಸಿಲನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು ಲೇಪದ ಮೇಲೆ ತಳ್ಳುವ ಒಂದು ಕ್ರಮವಿದೆ. ಅದರಲ್ಲಿ 9H ಅತ್ಯಂತ ಗಡಸು ಪೆನ್ಸಿಲು. ಆ ಪೆನ್ಸಿಲು ಗೀರಲಾರದು ಎಂಬುದಷ್ಟೇ 9Hನ ಅರ್ಥ. ಆದರೆ ಸಾಮಾನ್ಯ ಕಿಟಕಿಯ ಗಾಜನ್ನೂ ಯಾವ ಪೆನ್ಸಿಲೂ ಗೀರಲಾರದು. ಹಾಗಾಗಿ ಈ ಗುರುತು ಗಾಜಿನ ಹೊದಿಕೆಯ ವಿಷಯದಲ್ಲಿ ಏನನ್ನೂ ಹೇಳಿದಂತಾಗುವುದಿಲ್ಲ.

ಹೊದಿಕೆಯನ್ನು ಅಂಟಿಸುವ ಕೆಲಸದಲ್ಲಿಯೂ ಶತ್ರು ಅದೇ ಧೂಳು. ಫ್ಯಾನನ್ನು ನಿಲ್ಲಿಸಿ, ಗಾಳಿಯಾಡದ ಕೊಠಡಿಯಲ್ಲಿ ಕುಳಿತು, ಪರದೆಯನ್ನು ಮೊದಲು ಒದ್ದೆ ಬಟ್ಟೆಯಿಂದಲೂ ಬಳಿಕ ಒಣ ಬಟ್ಟೆಯಿಂದಲೂ ಒರಸಬೇಕು. ಉಳಿದ ಕಣಗಳನ್ನು ಅಂಟುಪಟ್ಟಿಯ ತುಂಡನ್ನು ಮೆಲ್ಲಗೆ ತಾಗಿಸಿ ಎತ್ತಬೇಕು. ಅಂಚುಗಳನ್ನು ಸರಿಹೊಂದಿಸಿ ಹೊದಿಕೆಯನ್ನು ಇಳಿಬಿಟ್ಟು, ನಡುವೆ ಬೆರಳಿನಿಂದ ಒಮ್ಮೆ ಒತ್ತಿದರೆ ಅಂಟು ತಾನಾಗಿಯೇ ಅಂಚಿನವರೆಗೆ ಹರಡುತ್ತದೆ. ಬರಿಯ ಗಾಳಿಯ ಗುಳ್ಳೆಯನ್ನು ಅಂಚಿಗೆ ತಳ್ಳಿ ಹೊರಹಾಕಬಹುದು. ನಡುವೆ ಚುಕ್ಕೆಯಿರುವ ಗುಳ್ಳೆ ಮಾತ್ರ ಎಷ್ಟು ತಳ್ಳಿದರೂ ಹೋಗದು. ಅದರೊಳಗೆ ಕಣವಿದೆಯೆಂದು ತಿಳಿಯಬೇಕು. ಅದರ ಮೇಲೆ ಒತ್ತಿದರೆ ಕೆಳಗಿನ ಗಾಜಿಗೇ ಗೀರು ಬೀಳಬಹುದು. ಹೊದಿಕೆಯ ಅಂಚನ್ನು ಎತ್ತಿ, ಅಂಟುಪಟ್ಟಿಯಿಂದ ಕಣವನ್ನು ತೆಗೆಯುವುದೇ ಮಾರ್ಗ.

ಹೊದಿಕೆಗೂ ಮಿತಿಗಳಿವೆ. ದೂರವಾಣಿ ಮೂಲೆಯ ಮೇಲೆ ಬಿದ್ದರೆ ಪೆಟ್ಟು ಚೌಕಟ್ಟಿನ ಮೂಲಕ ನೇರವಾಗಿ ಪರದೆಯ ಗಾಜಿನ ಅಂಚಿಗೆ ತಲಪುತ್ತದೆ. ಅಲ್ಲಿ ಹೊದಿಕೆ ಮಾಡಬಹುದಾದುದು ಏನೂ ಇಲ್ಲ. ಅಂಚು ಬಾಗಿರುವ ಪರದೆಗಳ ಮೇಲೆ ಸಮತಟ್ಟಾದ ಹೊದಿಕೆ ಪೂರ್ತಿಯಾಗಿ ಕೂರುವುದಿಲ್ಲ. ಒಡೆದ ಹೊದಿಕೆಯನ್ನು ಹಾಗೆಯೇ ಇಟ್ಟುಕೊಂಡರೆ ಅದರ ಚೂರುಗಳು ಬೆರಳಿಗೆ ಚುಚ್ಚುತ್ತವೆ. ಕೆಲಸ ಮುಗಿಸಿದ ಹೊದಿಕೆಯನ್ನು ತೆಗೆದು ಬೇರೊಂದನ್ನು ಹಾಕುವುದು ಕ್ಷೇಮ. ತೆಗೆದುದನ್ನು ಎಸೆಯುವ ಮುನ್ನ ಒಮ್ಮೆ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಅದರ ಮೇಲಿರುವ ಒಂದೊಂದು ಗೆರೆಯೂ ಬೆಣಚಿನ ಒಂದು ಕಣ ನಡೆದುಹೋದ ದಾರಿ. ಕೆಳಗಿನ ಗಾಜಿನ ಮೇಲೆ ಆ ದಾರಿಗಳು ಮೂಡಿಲ್ಲ ಎಂಬುದೇ ಆ ಹೊದಿಕೆ ಮಾಡಿದ ಕೆಲಸದ ಲೆಕ್ಕ.

ಅಭ್ಯಾಸ

1. ಕಾಠಿಣ್ಯ ಎಂದರೇನು? ಕಠಿಣವಾದ ವಸ್ತು ಒಡೆಯದೆ ಇರಬೇಕೆಂಬ ನಿಯಮವಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ವಿವರಿಸಿ.
2. ಹಿತ್ತಾಳೆಯ ಬೀಗದ ಕೈ ಗಾಜನ್ನು ಗೀರಲಾರದು, ಮರಳಿನ ಕಣ ಗೀರಬಲ್ಲದು. ಕಾರಣವೇನು?
3. ಲೋಹದ ಒರೆಗೂ ನಿಜವಾದ ಗೀರಿಗೂ ಇರುವ ಭೇದವನ್ನು ಹೇಗೆ ಗುರುತಿಸಬಹುದು?
4. ಗಾಜನ್ನು ಪೆಟ್ಲುಪ್ಪಿನ ದ್ರವದಲ್ಲಿ ಮುಳುಗಿಸುವುದರಿಂದ ಅದರ ಯಾವ ಗುಣ ಹೆಚ್ಚುತ್ತದೆ? ಯಾವ ಗುಣ ಅಷ್ಟಾಗಿ ಬದಲಾಗುವುದಿಲ್ಲ?
5. ರಕ್ಷಕ ಹೊದಿಕೆಯನ್ನು ಲೇಖಕರು ಎತ್ತಿನ ಲಾಳಕ್ಕೆ ಹೋಲಿಸಿರುವುದರ ಔಚಿತ್ಯವೇನು?